ಯಾವ ಬೆಳೆ ಹಾಕಬೇಕು? ಮೊದಲು ಡ್ರಮ್ ತುಂಬಿಸಿ ನೋಡಿ

ಮೇ ತಿಂಗಳು ಬಂತೆಂದರೆ ರೈತ ಸಂಪರ್ಕ ಕೇಂದ್ರಗಳಲ್ಲಿ, ಕೃಷಿ ವಿಜ್ಞಾನ ಕೇಂದ್ರಗಳ ಫೋನಿನಲ್ಲಿ ಒಂದೇ ಪ್ರಶ್ನೆ: “ಸಾರ್, ಮೂರು ಎಕರೆ ಇದೆ, ಯಾವ ಬೆಳೆ ಹಾಕಿದರೆ ಒಳ್ಳೆಯದು?” ಮಣ್ಣು ಯಾವುದು, ಬೋರ್‌ವೆಲ್‌ನಲ್ಲಿ ಎಷ್ಟು ನೀರಿದೆ, ಬಿತ್ತನೆ ಯಾವಾಗ, ಮಾಲನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬ ಯಾವ ವಿವರವೂ ಆ ಪ್ರಶ್ನೆಯಲ್ಲಿ ಇರುವುದಿಲ್ಲ. ಇಷ್ಟರ ಮೇಲೆ ಯಾರಾದರೂ ಬೆಳೆಯ ಹೆಸರು ಹೇಳಿದರೆ ಅದು ಊಹೆಯ ಮಾತು. ಈ ನಾಲ್ಕೂ ವಿವರಗಳನ್ನು ಸೇರಿಸಿಕೊಳ್ಳಲು ದೊಡ್ಡ ಖರ್ಚೇನೂ ಬೇಕಿಲ್ಲ. 200 ಲೀಟರಿನ ಒಂದು ಡ್ರಮ್, ಒಂದು ಗುದ್ದಲಿ, ಕೈಯಲ್ಲೊಂದು ಗಡಿಯಾರ ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಒಂದು ಹೊಲವನ್ನೇ ಎದುರಿಗಿಟ್ಟುಕೊಂಡು ನೋಡೋಣ. ಶಿರಾ ಕಡೆಯ ಮೂರು ಎಕರೆ ಎಂದಿಟ್ಟುಕೊಳ್ಳಿ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಇದು ಮಧ್ಯ ಒಣ ವಲಯಕ್ಕೆ ಸೇರುತ್ತದೆ. ವರ್ಷದ ಮಳೆ ಜಾಗಕ್ಕೆ ತಕ್ಕಂತೆ 450ರಿಂದ 720 ಮಿಲಿಮೀಟರ್ ಆಸುಪಾಸು, ಅದರಲ್ಲೂ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆಯೇ ಹೆಚ್ಚು ಆಸರೆ. ಹೊಲದಲ್ಲಿ ಒಂದು ಬೋರ್‌ವೆಲ್ ಇದೆ. ಪಕ್ಕದ ತೋಟದವರು ಅಡಿಕೆ ಹಾಕಿದ್ದಾರೆ, ಇವರ ಮನಸ್ಸೂ ಅಡಿಕೆಯ ಕಡೆಗೇ ವಾಲಿದೆ.

ಮೊದಲು ನೀರಿನ ಅಳತೆ. ಮೋಟರ್ ಹಾಕಿದ ಕೂಡಲೇ ಡ್ರಮ್ ಹಿಡಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ರಾತ್ರಿಯಿಡೀ ಕೊಳವೆಯಲ್ಲಿ ಶೇಖರವಾದ ನೀರು ಮೊದಲ ಅರ್ಧ ಗಂಟೆ ಜೋರಾಗಿಯೇ ಬರುತ್ತದೆ. ಎರಡು ಮೂರು ಗಂಟೆ ಮೋಟರ್ ಓಡಿದ ಮೇಲೆ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕು ಎಂಬುದನ್ನು ನೋಡಬೇಕು. ನೀರು ಗಾಳಿಯೊಂದಿಗೆ ಬಿಟ್ಟು ಬಿಟ್ಟು ಬರುತ್ತಿದ್ದರೆ ಒಳಗಿನ ಮಟ್ಟ ಪಂಪಿನವರೆಗೂ ಇಳಿದಿದೆ ಎಂದೇ ಅರ್ಥ. ಅಳತೆ ತೆಗೆಯಲು ಸರಿಯಾದ ಕಾಲ ಏಪ್ರಿಲ್ ಇಲ್ಲವೇ ಮೇ. ನವೆಂಬರಿನಲ್ಲಿ ಅಳೆದ ನೀರನ್ನು ನಂಬಿ ತೋಟ ಕಟ್ಟಿದವರು ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಬೇಕಾಗುತ್ತದೆ.

ನಮ್ಮ ಹೊಲದಲ್ಲಿ ಡ್ರಮ್ ನಾಲ್ಕು ನಿಮಿಷಕ್ಕೆ ತುಂಬಿತು ಎನ್ನೋಣ. ಅಂದರೆ ನಿಮಿಷಕ್ಕೆ 50 ಲೀಟರ್, ಗಂಟೆಗೆ 3,000 ಲೀಟರ್. ತ್ರೀ ಫೇಸ್ ಕರೆಂಟು ದಿನಕ್ಕೆ ಆರು ಗಂಟೆ ಸಿಕ್ಕರೆ 18,000 ಲೀಟರ್. ಪೈಪಿನ ಸೋರಿಕೆ, ಕರೆಂಟು ಹೋಗಿ ಬರುವುದು ಎಲ್ಲ ಕಳೆದು 16,000 ಲೀಟರ್ ಗಿಡದ ಬುಡಕ್ಕೆ ತಲುಪುತ್ತದೆ ಎಂದು ಹಿಡಿಯಬಹುದು.

ಈಗ ಅಡಿಕೆಯ ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಗಿಡ. ಬೆಳೆದ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೇ ದಿನಕ್ಕೆ 20 ಲೀಟರ್ ಹತ್ತಿರ ಬೇಕು. ಎಕರೆಗೆ 10,800 ಲೀಟರ್ ಆಯಿತು, ಮೂರು ಎಕರೆಗೆ 32,000 ದಾಟಿತು. ಇರುವುದು 16,000. ಒಂದು ಎಕರೆಗೆ ಸಾಕಾಗುವಂತೆ ಕಂಡರೂ, ಒಂದು ಬರದ ವರ್ಷದಲ್ಲಿ ಬೋರ್‌ವೆಲ್ ಅರ್ಧಕ್ಕಿಳಿದರೆ ಸಿಗುವುದು 8,000 ಲೀಟರ್ ಮಾತ್ರ. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು, ನಡುವೆ ಒಂದು ಬೇಸಿಗೆಯನ್ನೂ ನೀರಿಲ್ಲದೆ ಕಳೆಯುವಂತಿಲ್ಲ. ಅದರ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುವುದರಿಂದ ಒಣಗಿದ ನೆಲ ಮರಕ್ಕೆ ಬಲುಬೇಗ ತಟ್ಟುತ್ತದೆ. ಮಲೆನಾಡಿನ ಕಣಿವೆಯ ತೋಟಕ್ಕೆ ಈ ಭಯ ಇಷ್ಟಿಲ್ಲ. ಬಯಲುಸೀಮೆಯ ಈ ಮೂರು ಎಕರೆಗೆ ಅಡಿಕೆ ಹೊಂದುವುದಿಲ್ಲ ಎಂದು ಡ್ರಮ್ಮೇ ಹೇಳಿಬಿಟ್ಟಿತು.

ಇನ್ನು ಮಣ್ಣು.

ಹೊಲದ ನಡುವೆ ಮೂರು ಅಡಿ ಆಳದ ಗುಂಡಿ ತೆಗೆದು ಅದರ ಗೋಡೆಯನ್ನು ನೋಡಬೇಕು. ಮೇಲೆ ಒಂದೂವರೆ ಅಡಿ ಮರಳು ಮಿಶ್ರಿತ ಕೆಂಪು ಮಣ್ಣು, ಕೆಳಗೆ ಗರಸು ಸಿಕ್ಕರೆ ಹೆಚ್ಚು ನೀರು ಹಿಡಿದಿಡುವ ಶಕ್ತಿ ಆ ಹೊಲಕ್ಕಿಲ್ಲ ಎಂದು ತಿಳಿಯಬೇಕು. ಒಂದು ಹಿಡಿ ಮಣ್ಣನ್ನು ನೆನೆಸಿ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ಎಳೆದರೆ ಇನ್ನೊಂದು ಸುಳಿವು ಸಿಗುತ್ತದೆ. ಎರೆಮಣ್ಣಾದರೆ ಬೆರಳುದ್ದ ಪಟ್ಟಿ ಬರುತ್ತದೆ, ಇಲ್ಲಿ ಅರ್ಧ ಅಂಗುಲಕ್ಕೇ ಮುರಿದು ಬೀಳುತ್ತದೆ. ಅದೇ ಗುಂಡಿಯ ಪಕ್ಕ ಒಂದಡಿ ಆಳದ ಕುಳಿ ತೋಡಿ ಸಂಜೆ ನೀರು ತುಂಬಿ ಬಿಡಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಪಪ್ಪಾಯಿ, ದಾಳಿಂಬೆಯಂತಹ ಗಿಡಗಳ ಯೋಚನೆ ಬಿಡಬೇಕು. ಪಪ್ಪಾಯಿಯ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಬೇರು ಕೊಳೆಯುತ್ತದೆ.

ರಸಸಾರ ಮತ್ತು ಪೋಷಕಾಂಶದ ವಿವರಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಗೊಬ್ಬರ ಹಾಕುವ ಮೊದಲೇ, ಏಪ್ರಿಲಿನಲ್ಲಿ, ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ಆರೇಳು ಅಂಗುಲ ಆಳದವರೆಗೆ ಮಣ್ಣು ತೆಗೆಯಬೇಕು. ತಿಪ್ಪೆ ಇದ್ದ ಜಾಗ, ಬದು, ಮರದ ನೆರಳು ಬೇಡ. ಎಲ್ಲವನ್ನೂ ಬೆರೆಸಿ ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಮಣ್ಣು ಕೊಟ್ಟರೆ ಸಾಕು.

ಇಂಥ ಸಡಿಲ ಕೆಂಪು ನೆಲಕ್ಕೆ ಒಗ್ಗುವ ಬೆಳೆ ಶೇಂಗಾ, ತುಮಕೂರಿನ ಮಾತಿನಲ್ಲಿ ಕಡಲೆಕಾಯಿ. ಹೂವಿನಿಂದ ಹೊರಟ ಊಡು ನೆಲದೊಳಗೆ ಇಳಿದ ಮೇಲೆ ಕಾಯಿ ಕಟ್ಟಬೇಕು, ಕೀಳುವಾಗ ಕಾಯಿ ಬುಡದೊಂದಿಗೇ ಮೇಲೆ ಬರಬೇಕು. ಎರಡಕ್ಕೂ ನೆಲ ಸಡಿಲವಾಗಿರಬೇಕು. ಗಟ್ಟಿ ಎರೆಯಲ್ಲಿ ನೆಲ ಒಣಗಿದರೆ ಕಾಯಿ ಮಣ್ಣಿನಲ್ಲೇ ಉಳಿದುಹೋಗುತ್ತದೆ. ಕಲಬುರಗಿಯ ಆಳವಾದ ಎರೆಯಲ್ಲಿ ತೊಗರಿ ಮತ್ತು ಹಿಂಗಾರಿನ ಕಡಲೆ ಹೆಸರು ಮಾಡಿರುವುದು ಬೇರೊಂದು ಕಾರಣಕ್ಕೆ. ಆ ಮಣ್ಣು ಮಳೆಗಾಲದ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ, ಕಡಲೆ ಆ ತೇವದಲ್ಲೇ ಬೆಳೆದು ಮುಗಿಯುತ್ತದೆ. ಅದನ್ನು ನೋಡಿ ಬಂದು ಒಂದೂವರೆ ಅಡಿ ಕೆಂಪು ಮಣ್ಣಿನಲ್ಲಿ ಮಳೆಯಾಶ್ರಯದ ಕಡಲೆ ಬಿತ್ತಿದರೆ ಹೂ ಬಿಡುವ ಹೊತ್ತಿಗೆ ತೇವವೇ ಮುಗಿದಿರುತ್ತದೆ.

ಹಾಗಾದರೆ ಮೂರೂ ಎಕರೆ ಶೇಂಗಾವೇ ಇರಲಿ ಎನ್ನಬಹುದೇ? ಇಲ್ಲಿ ಮತ್ತೆ ಬೋರ್‌ವೆಲ್ ಲೆಕ್ಕ ಕೆಲಸಕ್ಕೆ ಬರುತ್ತದೆ. ಮುಂಗಾರು ಶೇಂಗಾಕ್ಕೆ ದೊಡ್ಡ ಗಂಡಾಂತರ ಊಡು ಇಳಿದು ಕಾಯಿ ಬಲಿಯುವ ಹೊತ್ತಿನಲ್ಲಿ ಮಳೆ ಕೈಕೊಡುವುದು. ಆಗ ಒಂದು ಸಲ 30 ಮಿಲಿಮೀಟರಿನಷ್ಟು ನೀರು ತುಂತುರಿನಲ್ಲಿ ಕೊಟ್ಟರೆ ಬೆಳೆ ಉಳಿಯುತ್ತದೆ. ಎಕರೆಗೆ ಒಂದು ಮಿಲಿಮೀಟರ್ ಅಂದರೆ ಸುಮಾರು 4,050 ಲೀಟರ್, 30 ಮಿಲಿಮೀಟರಿಗೆ 1.2 ಲಕ್ಷ ಲೀಟರ್. ದಿನಕ್ಕೆ 16,000ದಂತೆ ಹರಿಸಿದರೆ ಒಂದು ಎಕರೆಗೆ ಏಳೆಂಟು ದಿನ, ಮೂರು ಎಕರೆ ಮುಗಿಸಲು ಮೂರು ವಾರ. ಅಷ್ಟರಲ್ಲಿ ಕೊನೆಯ ಎಕರೆ ಬಾಡಿ ಹೋಗಿರುತ್ತದೆ. ಒಂದೂವರೆ ಎಕರೆಯಾದರೆ ಹನ್ನೊಂದು ಹನ್ನೆರಡು ದಿನದಲ್ಲಿ ಮುಗಿಯುತ್ತದೆ. ಆದ್ದರಿಂದ ಈ ಹೊಲದಲ್ಲಿ ಶೇಂಗಾದ ಮಿತಿ ಒಂದೂವರೆ ಎಕರೆ. ಎಂಟು ಸಾಲಿಗೊಮ್ಮೆ ಒಂದೆರಡು ಸಾಲು ತೊಗರಿ ಇದ್ದರೆ, ಶೇಂಗಾ ಕಿತ್ತ ಮೇಲೆ ಬರುವ ಮಳೆಯನ್ನು ಅದು ಬಳಸಿಕೊಳ್ಳುತ್ತದೆ.

ಉಳಿದ ಒಂದೂವರೆ ಎಕರೆಗೆ ರಾಗಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ರಾಗಿ ಎಳೆಯದಾಗಿರುವಾಗ ಹತ್ತು ಹದಿನೈದು ದಿನ ಮಳೆ ತಪ್ಪಿದರೆ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ, ಮಳೆ ಬಂದಾಗ ಮತ್ತೆ ತೆಂಡೆ ಒಡೆಯುತ್ತದೆ. ಬೀಜದ ಖರ್ಚಿನಲ್ಲೂ ಅಜಗಜಾಂತರವಿದೆ. ರಾಗಿಗೆ ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕು, ಶೇಂಗಾಕ್ಕೆ 40ರಿಂದ 50 ಕಿಲೋ ಬೀಜ ಬೇಕು. ಕಿಲೋಗೆ 100 ರೂಪಾಯಿ ಎಂದು ಹಿಡಿದರೂ ಬಿತ್ತುವ ದಿನವೇ ನಾಲ್ಕೈದು ಸಾವಿರ ರೂಪಾಯಿ ಮಣ್ಣಿಗೆ ಸೇರುತ್ತದೆ, ಮೊಳಕೆ ಒಣಗಿದರೆ ಅಷ್ಟೂ ನಷ್ಟ.

2025-26ರ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಶೇಂಗಾಕ್ಕೆ 7,263 ರೂಪಾಯಿ. ಒಳ್ಳೆಯ ವರ್ಷದಲ್ಲಿ ಎಕರೆಗೆ ಎಂಟು ಕ್ವಿಂಟಲ್ ರಾಗಿ, ಆರು ಕ್ವಿಂಟಲ್ ಶೇಂಗಾ ಬಂತು ಎಂದುಕೊಂಡರೆ ರಾಗಿಯಿಂದ 39,000, ಶೇಂಗಾದಿಂದ 43,500 ರೂಪಾಯಿ. ಕೆಟ್ಟ ವರ್ಷದಲ್ಲಿ ರಾಗಿ ನಾಲ್ಕಕ್ಕೆ, ಶೇಂಗಾ ಎರಡಕ್ಕೆ ಇಳಿದರೆ 19,500 ಮತ್ತು 14,500. ಬೀಜದ ಖರ್ಚನ್ನೂ ಕಳೆದರೆ ಅಂತರ ಇನ್ನೂ ಹಿಗ್ಗುತ್ತದೆ. ಒಳ್ಳೆಯ ವರ್ಷದ ಹಣವನ್ನು ಮಾತ್ರ ನೋಡಿದವರಿಗೆ ಈ ಎರಡನೇ ಸಾಲು ಕಾಣಿಸುವುದಿಲ್ಲ. ಪ್ರತಿ ಬೆಳೆಗೂ ಹೀಗೆ ಎರಡು ಸಾಲು ಬರೆದುಕೊಂಡೇ ಹೋಲಿಸಬೇಕು, ಇಳುವರಿಯ ಅಂಕಿ ಮಾತ್ರ ಅವರವರ ಹೊಲದ್ದೇ ಆಗಿರಬೇಕು.

ಮಾರುಕಟ್ಟೆಯ ವಿಷಯದಲ್ಲಿ ಕೇಳಿಕೊಳ್ಳಬೇಕಾದ್ದು, ಬೆಲೆ ಬಿದ್ದಾಗ ಮಾಲು ಕಾಯಬಲ್ಲುದೇ ಎಂದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ಸುದ್ದಿ ಕೇಳಿ ಅಂದು ನಾಟಿ ಮಾಡಿದವರ ಮೊದಲ ಕೊಯ್ಲು ಬರಲು ಎರಡು ತಿಂಗಳಿಗೂ ಹೆಚ್ಚು ಬೇಕು, ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕ್ಕಿಳಿದಾಗಿತ್ತು. ಹಣ್ಣಾದ ಟೊಮೆಟೊವನ್ನು ಬಳ್ಳಿಯಲ್ಲಿ ವಾರಗಟ್ಟಲೆ ಬಿಡಲಾಗದು, ಶಿರಾದಿಂದ ಕೋಲಾರದವರೆಗಿನ ಲಾರಿ ಬಾಡಿಗೆ ಬೆಲೆ ಬಿದ್ದರೂ ಇಳಿಯುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಚೆನ್ನಾಗಿ ಒಣಗಿಸಿದ ಶೇಂಗಾ ಕೆಲವು ತಿಂಗಳು ತಡೆಯುತ್ತದೆ, ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯೂ ಹತ್ತಿರವೇ. ಬೆಂಬಲ ಬೆಲೆಗೆ ರಾಗಿ ಕೊಡುವವರು ಮಾತ್ರ ಬಿತ್ತನೆಯ ಕಾಲದಲ್ಲೇ ಎಫ್‌ಐಡಿ ಮಾಡಿಸಿ, ಬೆಳೆ ಸಮೀಕ್ಷೆಯಲ್ಲಿ ತಮ್ಮ ಸರ್ವೆ ನಂಬರಿನ ಎದುರು ರಾಗಿ ಎಂದೇ ದಾಖಲಾಗಿದೆಯೇ ನೋಡಿಕೊಳ್ಳಬೇಕು. ಅಲ್ಲಿ ಬೇರೆ ಬೆಳೆ ಬರೆದಿದ್ದರೆ ಖರೀದಿ ಕೇಂದ್ರದಲ್ಲಿ ನೋಂದಣಿಗೆ ತೊಡಕಾಗುತ್ತದೆ.

ಇಷ್ಟೆಲ್ಲ ಲೆಕ್ಕವೂ ಮಳೆ ಹೊತ್ತಿಗೆ ಬಂದರೆ ನಿಲ್ಲುವಂಥದ್ದು. ಮೇಲೆ ಒದ್ದೆ ಕಂಡ ಮಾತ್ರಕ್ಕೆ ಬಿತ್ತಬಾರದು, ಕೈಯಿಂದ ತೋಡಿದರೆ ಆರು ಅಂಗುಲದವರೆಗೂ ಹದ ಇರಬೇಕು. ಜೂನ್ ಕೊನೆಯಿಂದ ಜುಲೈ ಒಳಗೆ ಅಂಥ ಹದ ಸಿಕ್ಕರೆ ಶೇಂಗಾ, ತೊಗರಿ ಮತ್ತು ರಾಗಿ ಎಂಬ ಹಂಚಿಕೆ ನಡೆಯುತ್ತದೆ. ಹದ ಆಗಸ್ಟಿಗೆ ಜಾರಿದರೆ ಶೇಂಗಾ ಕೈಬಿಟ್ಟು ಮೂರೂ ಎಕರೆಗೆ ಜಿಪಿಯು-48ರಂತಹ ಅಲ್ಪಾವಧಿ ರಾಗಿ ತಳಿ ಹಾಕುವುದು ಕ್ಷೇಮ. ನೂರು ದಿನದೊಳಗೆ ಕಟಾವಿಗೆ ಬರುವುದರಿಂದ ಕೊನೆಯ ಮಳೆಗಳು ಅದಕ್ಕೆ ದಕ್ಕುತ್ತವೆ. ಆಗಸ್ಟ್ ಕೊನೆಗೂ ಹದವಾಗದಿದ್ದರೆ ಹುರುಳಿ ಬಿತ್ತಬೇಕು. ತಳಿ ಮತ್ತು ಗೊಬ್ಬರದ ಪ್ರಮಾಣಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವಾಗ, ಅಥವಾ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡುವಾಗ, ಡ್ರಮ್ ತುಂಬಿದ ನಿಮಿಷ, ಗುಂಡಿಯಲ್ಲಿ ಕಂಡ ಮಣ್ಣಿನ ಆಳ, ಹದ ಸಿಕ್ಕ ದಿನ ಮತ್ತು ಮಾಲು ಹೋಗುವ ಪೇಟೆಯ ದೂರ ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಿರಲಿ. ಮಣ್ಣು ಪರೀಕ್ಷೆಯ ವರದಿ ಬಂದಿದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ.