ಬಿ.ಎಂ.ಸಿ. ಯಂತ್ರ ನಿಂತ ನಿಮಿಷಗಳ ಲೆಕ್ಕ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಬೇಸಿಗೆಯಲ್ಲಿ ಹಾಲು ತಂಪಾಗಿಸುವ ಯಂತ್ರ ಸಂಜೆ ಪಾಳಿಯಲ್ಲಿ ಒಂದು ತಾಸು ನಿಂತರೂ ಹಾಲು ಹುಳಿಯಾಗುವ ಭಯ. ಯಂತ್ರ ಏಕೆ ನಿಂತಿತೆಂದು ಪಾಳಿ ಪುಸ್ತಕದಲ್ಲಿ ಬರೆಯುತ್ತೇವೆ, ಆದರೆ ಕೂಡಿ ನೋಡುವವರು ಕಡಿಮೆ.

ಪುಸ್ತಕದಲ್ಲಿ ನಿಂತ ವೇಳೆ, ಮತ್ತೆ ನಡೆದ ವೇಳೆ ಮತ್ತು ಕಾರಣದ ಸಂಕೇತ ಇರಬೇಕು. ತಿಂಗಳ ಕೊನೆಗೆ ಒಂದೊಂದು ಸಂಕೇತದ ನಿಮಿಷಗಳನ್ನು ಕೂಡಿಸಿ, ಹೆಚ್ಚಿನದನ್ನು ಮೇಲೆ ಬರೆಯಿರಿ. ಇದಕ್ಕೆ ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೋನ ಹೆಸರಿನಿಂದ ಪರೇಟೋ ವಿಶ್ಲೇಷಣೆ ಎನ್ನುತ್ತಾರೆ. ನಿತ್ಯದ ತೊಳೆಯುವ ವೇಳೆಯನ್ನು ಇದರಲ್ಲಿ ಸೇರಿಸಬಾರದು.

ತಿಳಿಯಲೆಂದು ಒಂದು ಲೆಕ್ಕ ಕಲ್ಪಿಸಿಕೊಳ್ಳೋಣ. ತಿಂಗಳಲ್ಲಿ ಯಂತ್ರ ಒಟ್ಟು 1000 ನಿಮಿಷ ನಿಂತಿದೆ. ಕರೆಂಟ್ ಹೋದದ್ದು 9 ಸಲ, 410 ನಿಮಿಷ. ಅಧಿಕ ಒತ್ತಡದಿಂದ ಕಂಪ್ರೆಸರ್ ಕಟ್ ಆದದ್ದು 6 ಸಲ, 270 ನಿಮಿಷ. ವೋಲ್ಟೇಜ್ ಇಳಿದು ಟ್ರಿಪ್ ಆದದ್ದು 22 ಸಲ, 110 ನಿಮಿಷ. ಹಾಲು ಕಲಕುವ ಮೋಟಾರು ಒಂದೇ ಸಲ ಕೆಟ್ಟು 90 ನಿಮಿಷ. ಉಳಿದ ಚಿಲ್ಲರೆ 120 ನಿಮಿಷ. 'ಇತರೆ' ಎಂಬುದನ್ನು ಎಷ್ಟಿದ್ದರೂ ಕೊನೆಗೇ ಇಡಬೇಕು.

ಎಲ್ಲರ ಬಾಯಲ್ಲೂ ವೋಲ್ಟೇಜಿನದೇ ದೂರು, ಏಕೆಂದರೆ ಅದು 22 ಸಲ ಕಾಡಿದೆ. ಆದರೆ ಅದರ ಪಾಲು ನೂರಕ್ಕೆ 11 ಮಾತ್ರ. ಮೊದಲಿನ ಎರಡು ಕಾರಣಗಳೇ ನೂರಕ್ಕೆ 68 ತಿಂದಿವೆ. ಆದ್ದರಿಂದ ಸಲಗಳನ್ನಲ್ಲ, ನಿಮಿಷಗಳನ್ನು ಎಣಿಸಬೇಕು.

'ಕರೆಂಟ್ ನಮ್ಮ ಕೈಯಲ್ಲಿಲ್ಲ' ಎಂದು ಇಲ್ಲಿಗೇ ಪುಸ್ತಕ ಮುಚ್ಚಬೇಡಿ. ಜನರೇಟರ್ ಇದ್ದ ಮೇಲೆ 410 ನಿಮಿಷ ಏಕೆ? ಆ 9 ಸಾಲುಗಳನ್ನು ಬಿಡಿಸಿ ನೋಡಿದರೆ 7 ಸಲ ಸೇರಿ 90 ನಿಮಿಷ, ಉಳಿದ 2 ಸಲವೇ 320 ನಿಮಿಷ: ಆ ಎರಡೂ ದಿನ ಡೀಸೆಲ್ ಇರಲಿಲ್ಲ! ಈಗ ಪಟ್ಟಿಯ ಮೊದಲ ಹೆಸರು ಕರೆಂಟ್ ಅಲ್ಲ, ಡೀಸೆಲ್. ಅದಕ್ಕೆ ಬೇರೆ ಸಂಕೇತವನ್ನೇ ಕೊಡಿ.

ಅಧಿಕ ಒತ್ತಡದ ಸಾಲುಗಳಲ್ಲಿ ವೇಳೆ ನೋಡಿ. ಬಿಸಿಲಿನ ಹೊತ್ತಿನಲ್ಲೇ ಕಟ್ ಆಗುತ್ತಿದ್ದರೆ ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು ತುಂಬಿರಬಹುದು, ಇಲ್ಲವೆ ಅದರ ಫ್ಯಾನು ನಿಧಾನವಾಗಿರಬಹುದು. ರೆಕ್ಕೆಗಳನ್ನು ಬ್ರಷ್‌ನಿಂದ ಸ್ವಚ್ಛ ಮಾಡಿಸಿ, ಮುಂದಿನ ತಿಂಗಳ ನಿಮಿಷಗಳನ್ನು ಹೋಲಿಸಿ. ಇಳಿಯದಿದ್ದರೆ ಮೆಕ್ಯಾನಿಕ್ ಬರಲೇಬೇಕು. ರೀಸೆಟ್ ಒತ್ತಿ ಸುಮ್ಮನಾಗಿ 'ಇತರೆ' ಎಂದು ಬರೆಯುವ ರೂಢಿಯಿದ್ದರೆ ಈ ಕಾರಣ ಪಟ್ಟಿಯಲ್ಲಿ ಕಾಣುವುದೇ ಇಲ್ಲ. 'ಇತರೆ' ಬೆಳೆಯುತ್ತಿದ್ದರೆ ಬರವಣಿಗೆ ಸಡಿಲಾಗಿದೆ ಎಂದೇ ತಿಳಿಯಿರಿ.

ಒಂದು ಕೊರತೆಯೂ ಇದೆ. 4 ಡಿಗ್ರಿಗೆ ಇಳಿದ ಹಾಲು ಮುಚ್ಚಿದ ಟ್ಯಾಂಕಿನಲ್ಲಿ ಅರ್ಧ ತಾಸು ತಡೆದೀತು. ಆಗ ತಾನೇ ಕರೆದು ಸುರಿದ ಹಾಲಿಗೆ ಅದೇ ಅರ್ಧ ತಾಸು ಬಲು ಭಾರ. ನಿಮಿಷದ ಲೆಕ್ಕಕ್ಕೆ ಈ ಭೇದ ತಿಳಿಯದು. ಹೀಗಾಗಿ ಯಂತ್ರ ನಿಂತಾಗ ಹಾಲಿನ ಉಷ್ಣತೆ ಎಷ್ಟಿತ್ತೆಂಬುದನ್ನೂ ಅದೇ ಸಾಲಿನಲ್ಲಿ ಬರೆಯುವಂತೆ ನಿಮ್ಮ ಸಂಘದ ಕಾರ್ಯದರ್ಶಿಗಳಿಗೆ ಹೇಳಿರಿ.