ಆರಕ್ಕೆ ಮೂರು ಪಡೆದ ಇಬ್ಬರು ಮಕ್ಕಳು

ಪ್ರಶ್ನೆ: ನಾನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ನಮ್ಮ ಕ್ಲಸ್ಟರಿನಲ್ಲಿ ಐದು, ಆರನೇ ತರಗತಿಗೆ ಗಣಿತ ಕಲಿಸುವ ಮೂವತ್ತು ಶಿಕ್ಷಕರಿಗಾಗಿ ದಶಮಾಂಶ ಸಂಖ್ಯೆಗಳ ಮೇಲೆ ಒಂದು ಚಿಕ್ಕ ಆನ್‌ಲೈನ್ ಮಾಡ್ಯೂಲ್ ಮಾಡಬೇಕೆಂದಿದ್ದೇನೆ. ನಲವತ್ತು ಸ್ಲೈಡಿನ ಪಿಪಿಟಿ, ಮುಕ್ಕಾಲು ಗಂಟೆಯ ವಿಡಿಯೊ ಸಿದ್ಧವಿದೆ. ಇದರಲ್ಲಿ ಚಟುವಟಿಕೆಗಳನ್ನು ಎಲ್ಲಿ ಸೇರಿಸಲಿ? ಚರ್ಚೆಗೆ ಎಂಥ ಪ್ರಶ್ನೆ ಕೊಡಲಿ? ಮೌಲ್ಯಮಾಪನ ಹೇಗೆ ಮಾಡಲಿ?

ಉತ್ತರ: ಪಿಪಿಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನೇ ಮೊದಲು ಕೈಗೆತ್ತಿಕೊಂಡರೆ ಉಳಿದೆರಡು ಬಹುಮಟ್ಟಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಗ್ರ್ಯಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ ಎಂಬ ಅಮೆರಿಕದ ಶಿಕ್ಷಣ ತಜ್ಞರು 1998ರಲ್ಲಿ ತಂದ ಪುಸ್ತಕದಿಂದ ಇದು ಹೆಸರಾಯಿತು. ಕಲಿತವರು ಕೊನೆಗೆ ಏನು ಮಾಡಬಲ್ಲರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ಅದಕ್ಕೆ ಸಾಕ್ಷಿ ಏನು ಎಂದು ಆಮೇಲೆ, ಪಾಠ ಕಟ್ಟುವುದು ಕಟ್ಟಕಡೆಗೆ.

ನಿಮ್ಮ ಶಿಕ್ಷಕರು ಕೊನೆಗೆ ಏನು ಮಾಡಬಲ್ಲವರಾಗಬೇಕು? ‘ದಶಮಾಂಶದ ಪರಿಕಲ್ಪನೆಯನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆಯಬೇಡಿ. ಅದನ್ನು ಯಾರೂ ನೋಡಲಾಗದು, ಅಳೆಯಲಾಗದು. ಜೊತೆಗೆ, 0.6 ದೊಡ್ಡದೋ 0.45 ದೊಡ್ಡದೋ ಎಂಬುದು ನಿಮ್ಮ ಶಿಕ್ಷಕರಿಗೆ ಗೊತ್ತೇ ಇದೆ. ಮಗು ಏಕೆ 0.45 ಎನ್ನುತ್ತದೆ ಎಂಬುದೇ ಅವರಿಗೆ ತೊಡಕು. ಆದ್ದರಿಂದ ಗುರಿಯನ್ನು ಹೀಗೆ ಬರೆಯಿರಿ: ‘ಮಗುವಿನ ಉತ್ತರ ಹಾಳೆ ನೋಡಿ, ಅದರ ಹಿಂದಿನ ಯೋಚನೆಯನ್ನು ಗುರುತಿಸಿ, ಮುಂದೆ ಕೊಡಬೇಕಾದ ಲೆಕ್ಕವನ್ನು ಆರಿಸುವರು.’ ಮಾಡ್ಯೂಲಿಗೆ ಇದೊಂದೇ ಗುರಿ ಸಾಕು. ಸಂಕಲನ, ವ್ಯವಕಲನ, ಗುಣಾಕಾರವೆಲ್ಲ ಇನ್ನೊಂದಕ್ಕಿರಲಿ.

ಈಗ ಈ ಗುರಿಗೆ ತಕ್ಕ ಹಾಳೆಯೊಂದು ಬೇಕು. ಮಕ್ಕಳಿಗೆ ಆರು ಜೋಡಿ ಕೊಟ್ಟು, ಪ್ರತಿಯೊಂದರಲ್ಲೂ ದೊಡ್ಡ ಸಂಖ್ಯೆಗೆ ಸುತ್ತು ಹಾಕಲು ಹೇಳುವುದು. ಮೊದಲ ಮೂರು: 0.6 ಮತ್ತು 0.45, 3.7 ಮತ್ತು 3.52, 4.8 ಮತ್ತು 4.63. ಇವುಗಳಲ್ಲಿ ಬಿಂದುವಿನ ನಂತರ ಕಡಿಮೆ ಅಂಕಿಗಳಿರುವುದೇ ದೊಡ್ಡದು. ಮುಂದಿನ ಮೂರು: 0.75 ಮತ್ತು 0.4, 5.36 ಮತ್ತು 5.2, 2.847 ಮತ್ತು 2.31. ಇಲ್ಲಿ ಹೆಚ್ಚು ಅಂಕಿಗಳಿರುವುದು ದೊಡ್ಡದು. ಹಾಳೆಯಲ್ಲಿ ಆರನ್ನೂ ಕಲಸಿ ಹಾಕಬೇಕು.

ಒಂದು ಮಗು ಮೊದಲ ಮೂರನ್ನೂ ತಪ್ಪು ಮಾಡಿ, ಉಳಿದ ಮೂರನ್ನೂ ಸರಿ ಮಾಡಿತು ಎನ್ನಿ. ಅದು ಬಿಂದುವಿನ ಆಚೆಗಿರುವುದನ್ನು ಪೂರ್ಣ ಸಂಖ್ಯೆಯಂತೆ ಓದುತ್ತಿದೆ: 45 ಎಂಬುದು 6ಕ್ಕಿಂತ ದೊಡ್ಡದು, ಅಷ್ಟೇ. ನಾವು ತರಗತಿಯಲ್ಲಿ ‘ಸೊನ್ನೆ ಬಿಂದು ನಲವತ್ತೈದು’ ಎಂದು ಓದಿ ಈ ನಂಬಿಕೆಗೆ ನೀರೆರೆಯುತ್ತೇವೆ. ‘ಸೊನ್ನೆ ಬಿಂದು ನಾಲ್ಕು ಐದು’ ಎಂದೇ ಓದಬೇಕು. ಇನ್ನೊಂದು ಮಗು ಮೊದಲ ಮೂರನ್ನು ಸರಿ ಮಾಡಿ ಕೊನೆಯ ಮೂರನ್ನು ತಪ್ಪು ಮಾಡುತ್ತದೆ. ಶತಾಂಶವೆಂದರೆ ದಶಾಂಶಕ್ಕಿಂತ ಸಣ್ಣ ತುಂಡು ಎಂದು ಅದಕ್ಕೆ ಗೊತ್ತು, ಹಾಗಾಗಿ ಶತಾಂಶ ಬಂದ ಸಂಖ್ಯೆಯೆಲ್ಲ ಚಿಕ್ಕದು ಎಂಬ ತೀರ್ಮಾನಕ್ಕೆ ಬಂದಿದೆ. ತುಂಡು ಸಣ್ಣದಾದರೂ ಅಂಥವು ಎಷ್ಟಿವೆ ಎಂದು ಅದು ನೋಡಿಲ್ಲ.

ಇಬ್ಬರಿಗೂ ಆರಕ್ಕೆ ಮೂರು ಅಂಕ. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ, ಯೋಚನೆಯಲ್ಲಿ ಒಬ್ಬರಿಗೊಬ್ಬರು ತದ್ವಿರುದ್ಧ. ಒಬ್ಬರಿಗೆ ಮದ್ದಾಗುವ ವಿವರಣೆ ಇನ್ನೊಬ್ಬರ ತಪ್ಪನ್ನು ಗಟ್ಟಿಮಾಡುತ್ತದೆ. ‘ಶತಾಂಶ ಸಣ್ಣದು ಕಣೋ’ ಎಂದು ಎರಡನೆಯ ಮಗುವಿಗೆ ಹೇಳಿ ನೋಡಿ! ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲ್ ಇಂಥ ಜೋಡಿಗಳಿಂದಲೇ ದಶಮಾಂಶದ ಪರೀಕ್ಷೆಯೊಂದನ್ನು ರೂಪಿಸಿದ್ದಾರೆ. ನಿಮ್ಮ ಮಾಡ್ಯೂಲಿನ ತಿರುಳೂ ಇದೇ.

ಮೌಲ್ಯಮಾಪನ ಇಲ್ಲಿಂದಲೇ ಹುಟ್ಟುತ್ತದೆ. ಕೊನೆಯಲ್ಲಿ ಶಿಕ್ಷಕರಿಗೆ ಹೊಸ ಸಂಖ್ಯೆಗಳ ಹಾಳೆ ಕೊಡಿ. ಒಂದು ಮಗು 6.9ಕ್ಕಿಂತ 6.18 ದೊಡ್ಡದು, 0.5ಕ್ಕಿಂತ 0.37 ದೊಡ್ಡದು ಎಂದಿದೆ, 8.264 ಮತ್ತು 8.1ರಲ್ಲಿ, 1.47 ಮತ್ತು 1.3ರಲ್ಲಿ ಸರಿಯುತ್ತರ ಕೊಟ್ಟಿದೆ. ಈ ಮಗು 9.2 ಮತ್ತು 9.15ರಲ್ಲಿ ಯಾವುದನ್ನು ದೊಡ್ಡದು ಎಂದೀತು? ಇದು ಆಯ್ಕೆಯ ಪ್ರಶ್ನೆ, ಗೂಗಲ್ ಫಾರ್ಮ್ ತಾನೇ ಅಂಕ ಹಾಕುತ್ತದೆ. ಸರಿಯುತ್ತರ 9.15 ಎಂಬುದನ್ನು ಗಮನಿಸಿ. ಗಣಿತ ಮಾತ್ರ ಬಲ್ಲವರು ಅವಸರದಲ್ಲಿ 9.2 ಒತ್ತುತ್ತಾರೆ, ಮಗುವಿನ ಯೋಚನೆಯನ್ನು ಹಿಡಿದವರು 9.15 ಒತ್ತುತ್ತಾರೆ. ಇದರ ಕೆಳಗೆ ನಾಲ್ಕು ಸಾಲಿನ ಬರಹಕ್ಕೆ ಜಾಗ ಬಿಡಿ: ‘ಈ ಮಗುವಿಗೆ ನಾಳೆ ಏನು ಕೊಡುತ್ತೀರಿ, ಏಕೆ?’ ಮೂವತ್ತು ಜನರ ನಾಲ್ಕು ಸಾಲನ್ನು ನೀವು ಒಂದು ಸಂಜೆಯಲ್ಲಿ ಓದಬಹುದು. ಯೋಚನೆಯನ್ನು ಹೆಸರಿಸಿ ಅದಕ್ಕೆ ತಕ್ಕ ಕೆಲಸ ಕೊಟ್ಟಿದ್ದರೆ ಎರಡು ಅಂಕ. ಯೋಚನೆ ಸರಿಯಾಗಿ ಹಿಡಿದು, ಪರಿಹಾರ ಮಾತ್ರ ‘ಇನ್ನಷ್ಟು ಅಭ್ಯಾಸ’ ಎಂದಿದ್ದರೆ ಒಂದು. ‘ಮಗು ಗಮನ ಕೊಡುತ್ತಿಲ್ಲ’ ಎಂದಿದ್ದರೆ ಸೊನ್ನೆ.

ಇನ್ನೊಂದು ಹಾಳೆಯಲ್ಲಿ ತಪ್ಪುಗಳು ಯಾವ ನಿಯಮಕ್ಕೂ ಹೊಂದದಂತಿರಲಿ. ಅಲ್ಲಿ ‘ಹಾಳೆ ನೋಡಿ ಹೇಳಲಾಗದು, ಮಗುವನ್ನೇ ಕೇಳಬೇಕು’ ಎಂಬುದೇ ಸರಿಯುತ್ತರ. ಇದನ್ನು ಬಿಟ್ಟರೆ ಶಿಕ್ಷಕರು ಎಲ್ಲ ಮಕ್ಕಳಿಗೂ ಎರಡರಲ್ಲಿ ಒಂದು ಹಣೆಪಟ್ಟಿ ಹಚ್ಚುವುದನ್ನು ಕಲಿತು ಹೋಗುತ್ತಾರೆ.

ಇನ್ನು ಚಟುವಟಿಕೆ. ಕೊನೆಗೆ ಹಾಳೆ ಓದಬೇಕಾದವರು ನಡುವೆಯೂ ಹಾಳೆಯನ್ನೇ ಓದಬೇಕಲ್ಲವೇ? ಮಾಡ್ಯೂಲ್ ತೆರೆದ ಕೂಡಲೇ ಸ್ವಾಗತ ಭಾಷಣ ಬೇಡ. ಮೇಲಿನ ಇಬ್ಬರು ಮಕ್ಕಳ ಹಾಳೆಗಳ ಫೋಟೊ ಹಾಕಿ, ‘ಇವರಲ್ಲಿ ಯಾರು ಹೆಚ್ಚು ಬಲ್ಲರು?’ ಎಂದು ಕೇಳಿ. ಹತ್ತು ನಿಮಿಷ. ಆಮೇಲೆ ನಿಮ್ಮ ವಿಡಿಯೊ, ಆದರೆ ಆರು ನಿಮಿಷಕ್ಕೆ ಇಳಿಸಿದ್ದು. ಅದರಲ್ಲಿ ಎರಡು ಬಗೆಯ ಯೋಚನೆಯನ್ನೂ, ಹತ್ತಕ್ಕೆ ಹತ್ತು ಮನೆಯ ಗ್ರಾಫ್ ಚೌಕವನ್ನೂ ತೋರಿಸಿದರೆ ಸಾಕು. 0.6ಕ್ಕೆ ಆರು ಪೂರ್ತಿ ಪಟ್ಟಿ, ಅಂದರೆ ಅರವತ್ತು ಮನೆ ಬಣ್ಣ ಹಚ್ಚಬೇಕು. 0.45ಕ್ಕೆ ನಾಲ್ಕು ಪಟ್ಟಿ ಮತ್ತು ಐದು ಮನೆ. ಒಂದೇ ಅಳತೆಯ ಎರಡು ಚೌಕಗಳನ್ನು ಪಕ್ಕಪಕ್ಕದಲ್ಲಿ ಇಡದಿದ್ದರೆ ಈ ಚಿತ್ರ ಕೆಲಸ ಮಾಡುವುದಿಲ್ಲ.

ಮುಖ್ಯ ಚಟುವಟಿಕೆ ಮೊಬೈಲಿನಾಚೆ, ತರಗತಿಯಲ್ಲಿ ನಡೆಯಬೇಕು. ಪ್ರತಿ ಶಿಕ್ಷಕರೂ ಆರು ಜೋಡಿಯ ಹಾಳೆಯನ್ನು ತಮ್ಮ ಶಾಲೆಯ ಐದು ಮಕ್ಕಳಿಗೆ ಕೊಟ್ಟು, ಅವರಲ್ಲಿ ಒಬ್ಬರನ್ನು ‘ಇದನ್ನೇಕೆ ದೊಡ್ಡದು ಅಂದೆ?’ ಎಂದು ಕೇಳಿ, ಮಗು ಆಡಿದ ಮಾತನ್ನು ಆಡಿದ ಹಾಗೇ ಬರೆದು ತರಲಿ. ಇಲ್ಲಿ ನಕಲಿಗೆ ಆಸ್ಪದ ಕಡಿಮೆ. ಆಯ್ಕೆಯ ಉತ್ತರಗಳಾದರೆ ಅರ್ಧ ಗಂಟೆಯಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುತ್ತವೆ. ಪ್ರಮಾಣಪತ್ರಕ್ಕಾಗಿ ವಿಡಿಯೊವನ್ನು ಪಕ್ಕದಲ್ಲಿ ಓಡಲು ಬಿಟ್ಟು ಹಾಜರಿ ಪುಸ್ತಕ ತುಂಬುವುದೂ ನಮಗೆ ಹೊಸದಲ್ಲ. ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ ಮೇಲಂತೂ ಗಂಟೆ ಎಣಿಸುವ ಚಾಳಿ ಹೆಚ್ಚಿದೆ. ಮಗುವಿನ ಮಾತನ್ನು ಮಾತ್ರ ಕದಿಯುವುದು ಕಷ್ಟ. ಇಬ್ಬರು ಶಿಕ್ಷಕರ ಮಕ್ಕಳು ಅಕ್ಷರಕ್ಷರವೂ ಒಂದೇ ಮಾತಾಡಿದ್ದರೆ ನಿಮಗೆ ತಕ್ಷಣ ತಿಳಿಯುತ್ತದೆ. ಮಕ್ಕಳ ಹೆಸರು ಅಳಿಸಿ ಫೋಟೊ ಕಳಿಸಲು ಮೊದಲೇ ಹೇಳಿಬಿಡಿ.

ಐವರಲ್ಲಿ ಎಲ್ಲರೂ ಆರಕ್ಕೆ ಆರು ಪಡೆದರೆ ಏನು ಮಾಡುವುದೆಂದು ಶಿಕ್ಷಕರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಏಳನೆಯ ಜೋಡಿಯೊಂದನ್ನು ಕೈಯಲ್ಲಿಟ್ಟುಕೊಳ್ಳಿ: 4.45 ಮತ್ತು 4.4502. ದಶಮಾಂಶವನ್ನು ರೂಪಾಯಿ-ಪೈಸೆಯಲ್ಲೇ ಕಲಿತ ಮಕ್ಕಳಲ್ಲಿ ಕೆಲವರು ಎರಡೂ ಸಮ ಎಂದುಬಿಡುತ್ತಾರೆ. ಪೈಸೆಯ ಆಚೆ ಅವರಿಗೆ ಸಂಖ್ಯೆಯೇ ಇಲ್ಲ.

ಚರ್ಚೆಯ ಪ್ರಶ್ನೆಗೆ ಬರೋಣ. ‘ದಶಮಾಂಶ ಕಲಿಸುವಲ್ಲಿ ನೀವು ಎದುರಿಸುವ ಸವಾಲುಗಳೇನು?’ ಎಂದು ಕೇಳಿದಿರೋ, ಮೊದಲ ಉತ್ತರದಲ್ಲಿ ಪೋಷಕರ ನಿರಾಸಕ್ತಿ ಬರುತ್ತದೆ, ಎರಡನೆಯದರಲ್ಲಿ ಮಕ್ಕಳ ಗೈರುಹಾಜರಿ, ಮೂರನೆಯದರಿಂದ ಮುಂದಕ್ಕೆ ಬರೀ ‘ಸರಿಯಾಗಿ ಹೇಳಿದಿರಿ ಸರ್’. ಒಳ್ಳೆಯ ಪ್ರಶ್ನೆಗೆ ಮೂವತ್ತು ಜನ ಮೂವತ್ತು ಬಗೆಯ ಉತ್ತರ ಕೊಡಲು ಸಾಧ್ಯವಿರಬೇಕು, ಆ ಉತ್ತರಗಳನ್ನು ಒಂದಕ್ಕೊಂದು ತಿಕ್ಕಿ ನೋಡಲೂ ಬರಬೇಕು. ಉದಾಹರಣೆಗೆ: ‘3.7ಕ್ಕಿಂತ 3.52 ದೊಡ್ಡದು ಎಂದ ಮಗುವಿಗೆ ನೀವು ಇನ್ನೊಂದೇ ಜೋಡಿ ಕೊಡಬಹುದು. ಯಾವುದು ಕೊಡುತ್ತೀರಿ?’ ಒಬ್ಬರು 4.35 ಮತ್ತು 4.62 ಎನ್ನುತ್ತಾರೆ. ಇನ್ನೊಬ್ಬರು 0.8 ಮತ್ತು 0.25 ಎನ್ನುತ್ತಾರೆ. ಪ್ರತಿಕ್ರಿಯೆಗೂ ಹೀಗೆ ಕೆಲಸ ಕೊಡಿ: ‘ಇನ್ನೊಬ್ಬರ ಜೋಡಿಯನ್ನು ಆರಿಸಿಕೊಂಡು, ಈ ಮಗು ಅದಕ್ಕೆ ಏನು ಉತ್ತರ ಕೊಡುತ್ತದೆಂದು ಬರೆಯಿರಿ.’ ಆಗ ಯಾರಾದರೂ ಕಂಡುಕೊಳ್ಳುತ್ತಾರೆ: 4.35, 4.62ರಲ್ಲಿ ಅಂಕಿಗಳ ಸಂಖ್ಯೆ ಸಮ, ತಪ್ಪು ಯೋಚನೆಯ ಮಗುವಿಗೂ ಅದು ಸರಿಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಪರೀಕ್ಷೆಗಳಲ್ಲಿ ಇಂಥ ಜೋಡಿಗಳು ತುಂಬಿದ್ದರೆ ಮಕ್ಕಳ ತಪ್ಪು ಯಾರ ಕಣ್ಣಿಗೂ ಬೀಳದೆ ಏಳನೇ ತರಗತಿ ದಾಟಿಬಿಡುತ್ತದೆ.

ಮೊದಲು ಬರೆದವರನ್ನು ನೋಡಿ ಉಳಿದವರು ಬರೆಯುವುದನ್ನು ತಡೆಯಬೇಕು. ನಿಮ್ಮ ಡಯಟ್‌ನಲ್ಲಿ ಮೂಡಲ್ ಇದ್ದರೆ ಅದರಲ್ಲಿ Q and A forum ಎಂಬ ಬಗೆಯನ್ನು ಆರಿಸಿ. ತಾನು ಉತ್ತರಿಸುವ ತನಕ ಬೇರೆಯವರ ಉತ್ತರ ಕಾಣುವುದಿಲ್ಲ. ಉತ್ತರಿಸಿದ ಮೇಲೂ ತಿದ್ದುವ ಅವಧಿ, ಸಾಮಾನ್ಯವಾಗಿ 30 ನಿಮಿಷ, ಮುಗಿದ ಬಳಿಕವೇ ಕಾಣುತ್ತದೆ. ‘ಏನೂ ಬರುತ್ತಿಲ್ಲ ಮೇಡಂ’ ಎಂಬ ಕರೆಗಳು ಬಂದರೆ ಗಾಬರಿಬೇಡ. ಮೂಡಲ್ ಇಲ್ಲದಿದ್ದರೆ ಉತ್ತರವನ್ನು ಗೂಗಲ್ ಫಾರ್ಮ್‌ನಲ್ಲಿ ತರಿಸಿ, ಹೆಸರು ತೆಗೆದು, ಆರೇಳು ಜೋಡಿಗಳನ್ನು ಆರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ನೀವೇ ಹಾಕಿ. ನೇರವಾಗಿ ಗುಂಪಿನಲ್ಲೇ ಕೇಳುವುದು ಬೇಡ. ಹಿರಿಯ ಮೇಷ್ಟ್ರು ಒಬ್ಬರು ಬರೆದದ್ದೇ ಅಂತಿಮವಾಗುತ್ತದೆ.

ಒಟ್ಟಿನಲ್ಲಿ ಎರಡು ವಾರಗಳಲ್ಲಿ ಮೂರು ಗಂಟೆಯ ಕೆಲಸ ಇದು. ಅದರಲ್ಲಿ ಪರದೆಯ ಮುಂದೆ ಕೂರುವುದು ಒಂದು ಗಂಟೆಯೂ ಇರಲಿಕ್ಕಿಲ್ಲ. ಎಲ್ಲರಿಗೂ ಬಿಡುವ ಮುನ್ನ ಇಬ್ಬರು ಶಿಕ್ಷಕರಿಗೆ ಕಳಿಸಿ, ಅವರು ಲ್ಯಾಪ್‌ಟಾಪಿನಲ್ಲಿ ಅಲ್ಲ, ಮೊಬೈಲಿನಲ್ಲೇ ಮಾಡಲಿ. ಅವರು ನಿಮಗೆ ಫೋನ್ ಮಾಡಿ ಕೇಳಿದ ಪ್ರತಿ ಪ್ರಶ್ನೆಯೂ ಸೂಚನೆಯಲ್ಲಿ ತಿದ್ದಬೇಕಾದ ಒಂದು ಸಾಲು.

ಶಾಲೆಗಳಲ್ಲಿ ದಶಮಾಂಶದ ಅಧ್ಯಾಯ ಮುಗಿದ ಮರುವಾರವೇ ಇದನ್ನು ಆರಂಭಿಸಿ. ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಬಿಟ್ಟರೆ ಐದು ಮಕ್ಕಳು ಸಿಗುವುದಿಲ್ಲ, ಹಾಳೆಗಳನ್ನು ಶಿಕ್ಷಕರೇ ತುಂಬಿ ಕಳಿಸುತ್ತಾರೆ.