ಒಳ್ಳೆಯದನ್ನು ಬರೆದಿಡುವುದು: ಫಲ ಎಷ್ಟು, ಮಿತಿ ಎಲ್ಲಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಮನೆಮಂದಿಗೆ ನೆಟ್ಟಗೆ ನಿದ್ದೆ ಇರುವುದಿಲ್ಲ. ಬ್ಯಾರನ್‌ಗೆ ಒಮ್ಮೆ ಎಲೆ ತುಂಬಿದರೆ ದಿನಗಟ್ಟಲೆ, ರಾತ್ರಿಯೂ ಎದ್ದು ಬೆಂಕಿ ನೋಡಿಕೊಳ್ಳಬೇಕು. ಅದು ಮುಗಿದರೆ ಹರಾಜು ಮಾರುಕಟ್ಟೆಯಲ್ಲಿ ದರ ಏನಾಗುವುದೋ ಎಂಬ ಚಿಂತೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಾದರೆ ಆನೆಗೆ ಹೆದರಿ ಬೆಳೆ ಕಾಯುವ ರಾತ್ರಿಗಳು. ಹೀಗೆ ದಣಿದವರಿಗೆ ‘ಇರುವುದರಲ್ಲೇ ಖುಷಿಪಡಿ’ ಎನ್ನುವುದು ಗಾಯದ ಮೇಲೆ ಬರೆ ಎಳೆದಂತೆ. ಆದರೆ ಸಿಕ್ಕ ಒಳಿತನ್ನು ಬರೆದಿಡುವ ಅಭ್ಯಾಸವನ್ನು ಹದವರಿತು ಮಾಡಿದರೆ ಮನಸ್ಸಿಗೆ ಒಂದಿಷ್ಟು ಬಲ ಬರುತ್ತದೆ.

ಆ ‘ಒಂದಿಷ್ಟು’ ಎಷ್ಟು ಎಂಬುದನ್ನು ಮೊದಲು ತಿಳಿದಿರಬೇಕು. ಅಮೆರಿಕದ ಎಮನ್ಸ್ ಮತ್ತು ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಇಂಥ ಸಂಗತಿಗಳನ್ನು ಬರೆದ ವಿದ್ಯಾರ್ಥಿಗಳು ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು. ಖಿನ್ನತೆ, ಆತಂಕಗಳ ಮಾತು ಬೇರೆ. 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2021ರ ವಿಶ್ಲೇಷಣೆಯಲ್ಲಿ ಅವುಗಳ ಮೇಲಿನ ಪರಿಣಾಮ ಸಣ್ಣದೆಂದು ಕಂಡುಬಂತು. ಹಾಗಾಗಿ ಇದು ದಿನದ ಬೇಸರವನ್ನು ತುಸು ತಗ್ಗಿಸಬಹುದಾದ ಅಭ್ಯಾಸವೇ ಹೊರತು ಕಾಯಿಲೆಗೆ ಮದ್ದಲ್ಲ.

ಮಾಡುವ ಬಗೆ ಹೀಗೆ. ವಾರಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಸಂತೆಯ ದಿನದ ರಾತ್ರಿಯಾದರೂ ಸರಿ. ದಿನವೂ ಬರೆಯಲೇಬೇಕೆಂಬ ಹಟ ಬೇಡ. ಲ್ಯುಬೊಮಿರ್ಸ್ಕಿ ಎಂಬ ಸಂಶೋಧಕಿಯ ತಂಡದ ಪ್ರಯೋಗವೊಂದರಲ್ಲಿ ವಾರಕ್ಕೆ ಒಮ್ಮೆ ಬರೆದವರಿಗೆ ಉಪಯೋಗವಾಯಿತು, ಮೂರು ಸಲ ಬರೆದವರಿಗೆ ಆಗಲಿಲ್ಲ. ಪದೇ ಪದೇ ಬರೆದರೆ ಅದೂ ಒಂದು ಬಾಕಿ ಕೆಲಸವಾಗಿಬಿಡುತ್ತದೆ.

ಮಕ್ಕಳು ಬಳಸಿ ಬಿಟ್ಟ ನೋಟ್‌ಬುಕ್ಕಿನ ಹಿಂದಿನ ಹಾಳೆ ಸಾಕು. ಪಿರಿಯಾಪಟ್ಟಣದ ಹಳ್ಳಿಯೊಂದರ ಹೆಣ್ಣುಮಗಳು ಬರೆಯಲು ಕೂತಿದ್ದಾಳೆ ಎಂದುಕೊಳ್ಳಿ. ‘ಮನೆ, ಮಕ್ಕಳು, ಆರೋಗ್ಯ’ ಎಂದು ಬರೆಯುತ್ತಾಳೆ. ಮರುವಾರವೂ ಅದೇ ಮೂರು. ಮೂರನೇ ವಾರಕ್ಕೆ ಕೈ ಬರೆಯುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಅದರ ಬದಲು ಆ ವಾರ ನಡೆದ ಒಂದೇ ಸಂಗತಿಯನ್ನು ಹಿಡಿಯಲಿ: ‘ಬುಧವಾರ ಆಳು ಬರಲಿಲ್ಲ. ಪಕ್ಕದ ಮನೆ ಅಕ್ಕ ತನ್ನ ಹೊಲದ ಕೆಲಸ ಬಿಟ್ಟು ಬಂದು ಮಧ್ಯಾಹ್ನದವರೆಗೂ ಎಲೆ ಕಟ್ಟಿಕೊಟ್ಟಳು. ಕರೆಯುವ ಮೊದಲೇ ಬಂದಳು.’ ಏನಾಯಿತು, ಯಾರಿಂದ ಆಯಿತು, ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು ಎಂಬ ಮೂರೂ ಇದರಲ್ಲಿವೆ. ಹಾಗೆ ಬರೆದಾಗ ‘ನನ್ನ ಕಷ್ಟ ಯಾರಿಗೂ ಕಾಣದು’ ಎಂಬ ಅನಿಸಿಕೆ ಸ್ವಲ್ಪ ಸಡಿಲವಾಗುತ್ತದೆ. ಈ ಅಭ್ಯಾಸದ ಸತ್ವ ಇರುವುದು ಅಲ್ಲಿಯೇ ಎಂದು ನನ್ನ ನಂಬಿಕೆ. ಓದುಬರಹ ಬಾರದವರು ಇದನ್ನೇ ಬಾಯಲ್ಲಿ ಹೇಳಬಹುದು. ಆ ಅಕ್ಕನಿಗೇ ಹೇಳಿದರೆ ಇನ್ನೂ ಒಳ್ಳೆಯದು.

ಆ ವಾರ ಸೊಪ್ಪಿಗೆ ದರ ಬಿದ್ದಿದ್ದರೆ? ಅದನ್ನೂ ಮೊದಲು ಬರೆಯಿರಿ. ‘ಈ ಸಲ ಸೊಸೈಟಿ ಸಾಲ ಕಟ್ಟಲು ಆಗುವುದಿಲ್ಲ, ಸಿಟ್ಟು ಬಂದಿದೆ’ ಎಂಬುದು ನಿಜವಾದ ಮಾತು. ಅದನ್ನು ಅಳಿಸಲು ಒಳ್ಳೆಯದನ್ನು ಹುಡುಕಬಾರದು. ಬರೆಯಲು ಏನೂ ತೋಚದ ವಾರ ಹಾಳೆ ಖಾಲಿ ಬಿಡಿ.

ಬಲವಂತವಾಗುತ್ತಿದೆ ಎಂದು ತಿಳಿಯುವುದು ಹೇಗೆ? ಬರೆದ ಮೇಲೆ ‘ಇಷ್ಟೆಲ್ಲ ಇದ್ದೂ ಅಳುತ್ತೇನಲ್ಲ’ ಎಂದು ನಿಮ್ಮನ್ನೇ ಹಳಿದುಕೊಂಡರೆ ಅದೇ ಗುರುತು. ‘ನಮಗಿಂತ ಕಷ್ಟದಲ್ಲಿ ಇರುವವರಿಲ್ಲವಾ’ ಎಂಬ ಹೋಲಿಕೆಯಿಂದಲೂ ಇಂಥ ತಪ್ಪಿತಸ್ಥ ಭಾವ ಬೆಳೆಯಬಹುದು. ಇನ್ನೊಂದು ಸೂಕ್ಷ್ಮ ಇದೆ: ಕೈಸಾಲ ಕೊಟ್ಟವರ ಹೆಸರು ಬರೆಯುವಾಗ ಎದೆ ಭಾರವಾದರೆ ಅದು ಹಂಗಿನ ಭಾರ. ಆ ಹೆಸರನ್ನು ಬಿಟ್ಟು ಮುಂದೆ ಹೋಗಿ. ಹೊಡೆಯುವ, ಅವಮಾನಿಸುವವರ ಬಗ್ಗೆಯಂತೂ ಒಳ್ಳೆಯದನ್ನು ಹುಡುಕಿ ಬರೆಯುವುದೇ ಬೇಡ. ಅದು ಅನ್ಯಾಯವನ್ನು ಸಹಿಸಿಕೊಳ್ಳುವ ಅಭ್ಯಾಸವಾಗುತ್ತದೆ. ಮನೆಯಲ್ಲಿ ಬೇಸರದಲ್ಲಿರುವವರಿಗೆ ‘ನೀನೂ ಬರಿ’ ಎಂದು ಪುಸ್ತಕ ಚಾಚುವುದೂ ಬಲವಂತವೇ. ಮೊದಲು ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ.

ನಾಲ್ಕೈದು ವಾರ ಮಾಡಿ ನೋಡಿ. ಹಿಡಿಸದಿದ್ದರೆ ಬಿಟ್ಟುಬಿಡಿ; ನಿಮ್ಮಲ್ಲಿ ಕೊರತೆಯಿದೆ ಎಂದೇನೂ ಅಲ್ಲ. ಆದರೆ ಎರಡು ವಾರ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ ಪುಸ್ತಕ ಪಕ್ಕಕ್ಕಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಅಲ್ಲಿ ವಿಚಾರಿಸಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬರೇ ಇರಬೇಡಿ. ಮನೆಯವರಿಗೆ ಹೇಳಿ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.